ಜ್ವರ ಏಳೋವರೆಗೂ ಸೊಪ್ಪು ಹಾಕಬೇಡ

ಮುಳಬಾಗಿಲು
8 ಜುಲೈ 2024

ಪ್ರೀತಿಯ ಇವರಿಗೆ,

ಮೂವತ್ತು ವರ್ಷ ದಾಟಿದ ಮೇಲೆ ಮತ್ತೆ ನಿಮಗೆ ಕಾಗದ ಬರೀತಿದ್ದೀನಿ. ಆಗ ಮದುವೆ ಗೊತ್ತಾಗಿತ್ತು, ಮುಹೂರ್ತ ಸಿಕ್ಕಿರಲಿಲ್ಲ. ಈಗ ಮದುವೆಯಾಗಿದೆ, ಮನುಷ್ಯರು ಸಿಗ್ತಿಲ್ಲ. ವರ್ಗಾವಣೆ ಅನ್ನೋದು ಸರ್ಕಾರ ಕೊಡೋ ಎರಡನೇ ತವರುಮನೆ ನೋಡಿ. ಹತ್ತನೇ ಕ್ಲಾಸಿನವರಿಗೆ ಬೆಳಗ್ಗೆಯೂ ಪಾಠ, ಸಂಜೆಯೂ ಪಾಠ. ಅದಕ್ಕೇ ಗಂಗರತ್ನಮ್ಮನವರ ಮಾಳಿಗೆಯ ಈ ಒಂದು ರೂಮು, ಎರಡು ವಾರಕ್ಕೊಮ್ಮೆ ನಮ್ಮೂರು ಸುಗಟೂರು.

ಫೋನಿರುವಾಗ ಕಾಗದ ಯಾಕೆ ಅಂತೀರಿ. ನಿನ್ನೆಯ ನಮ್ಮ ಫೋನು ಹೀಗಿತ್ತು: ‘ಮಾತ್ರೆ ತಗೊಂಡ್ರಾ?’ ‘ಹೂಂ.’ ‘ವಾಕಿಂಗ್ ಹೋಗಿದ್ರಾ?’ ‘ಹೂಂ.’ ‘ಸುಳ್ಳು ಹೇಳ್ತಿದ್ದೀರಾ?’ ‘ಹೂಂ.’ ಕಾಗದಕ್ಕೆ ಹೂಂ ಅನ್ನೋಕಾಗಲ್ಲ. ನಮ್ಮ ಬೀದಿಯ ಆಂಜಿ ಈಗ ಮುಳಬಾಗಿಲು-ಕೋಲಾರ ಬಸ್ಸಿನ ಕಂಡಕ್ಟರು. ರಾತ್ರಿ ಮನೆಗೆ ಬರುವಾಗ ನಿಮ್ಮ ಕೈಗೇ ಕೊಡ್ತಾನೆ.

ಸರಿ, ವಿಷಯಕ್ಕೆ ಬರ್ತೀನಿ. ಕೆರೆ ಏರಿ ಮೇಲಿನ ವಾಕಿಂಗ್ ನಿಂತು ಎಷ್ಟು ತಿಂಗಳಾಯ್ತು? ಬೆಳಗಿನ ಮಾತ್ರೆ ಒಂದು ದಿನ ಇದೆ, ಒಂದು ದಿನ ಇಲ್ಲ. ರಾತ್ರಿಯದು ಡಬ್ಬಿಯಲ್ಲೇ ಇದೆ, ನಾನೇ ನೋಡಿದೆ. ರೇಷ್ಮೆಗೂಡು ಮಾರೋಕೆ ಕೋಲಾರಕ್ಕೆ ಹೋದಾಗಲೆಲ್ಲ ಬೇಕರಿ ಮುಂದೆ ನಿಂತು ದಿಲ್‌ಪಸಂದ್ ತಿಂತೀರಂತೆ. ಅನ್ನ ಕಮ್ಮಿ ಮಾಡಿ, ಮುದ್ದೆ ಆದ್ರೂ ಒಂದೇ, ಟೀಗೆ ಸಕ್ಕರೆ ಬೇಡ, ಉಪ್ಪಿನಕಾಯಿ ಬೇಡ, ಹುಳುಮನೆಯಿಂದ ಸ್ವಲ್ಪ ಹೊರಗೆ ಬನ್ನಿ. ಆರು ವರ್ಷದ ಸಕ್ಕರೆ ಕಾಯಿಲೆ, ಇದು ಆಟವಲ್ಲ. ಓದಿ, ಮಡಚಿ, ಜೇಬಲ್ಲಿ ಇಟ್ಕೊಳ್ಳಿ.

ನಿಮ್ಮ
ಗಂಗಾಲಕ್ಷ್ಮಿ

*

ಸುಗಟೂರು
12 ಜುಲೈ 2024

ಕನ್ನಡ ಪಂಡಿತರೂ ನನ್ನ ಪಾಲಿನ ಆರೋಗ್ಯ ಇಲಾಖೆಯೂ ಆದ ಗಂಗಾಲಕ್ಷ್ಮಿ ಮೇಡಂ ಅವರ ಸನ್ನಿಧಾನಕ್ಕೆ,

ಕಾಗದ ಮಡಚಿ ಜೇಬಲ್ಲಿಟ್ಟೆ. ಭಾರಕ್ಕೆ ಅಂಗಿ ಒಂದು ಕಡೆಗೆ ವಾಲಿತು.

ಲೇ, ನೀನು ಛಂದಸ್ಸಿನ ಮಾತ್ರೆ ಎಣಿಸಿ ಸಂಬಳ ತಗೊಳ್ಳೋಳು. ನನ್ನ ಮಾತ್ರೆಯನ್ನೂ ಯಾಕೆ ಎಣಿಸ್ತೀಯ? ಲಘುವಿಗೆ ಒಂದು, ಗುರುವಿಗೆ ಎರಡು ಅಂತ ನೀನೇ ತಾನೆ ಪಾಠ ಮಾಡೋದು. ನಾನು ಲಘುವಾಗಿ ಬದುಕೋನು, ಒಂದು ಸಾಕು. ನಿನ್ನ ಅಕ್ಕರೆ ಏರಿದಾಗಲೇ ನನ್ನ ಸಕ್ಕರೆ ಏರೋದು. ವಾಯುವಿಹಾರದ ವಿಷಯ ಕೇಳಿದೆ. ವಾಯು ಧಾರಾಳವಾಗಿದೆ, ವಿಹಾರ ಮಾತ್ರ ಇಲ್ಲ.

ತಮಾಷೆ ಸಾಕು. ಮೊನ್ನೆ ಲ್ಯಾಬಿಗೆ ಹೋಗಿ ಖಾಲಿ ಹೊಟ್ಟೆಯ ರಕ್ತ ಕೊಟ್ಟೆ. ನೂರಾ ಹದಿನೆಂಟು. ಕಾಲೇಜಲ್ಲಿ ಇಷ್ಟು ಅಚ್ಚುಕಟ್ಟಾದ ನಂಬರು ನನಗೆ ಯಾವತ್ತೂ ಬಂದಿರಲಿಲ್ಲ. ರಿಪೋರ್ಟು ಆಂಜಿ ಕೈಲಿ ಕಳಿಸಿದ್ದೀನಿ, ಜೊತೆಗೆ ಒಂದು ಚೀಲ ಬೀನ್ಸು. ರಿಪೋರ್ಟನ್ನ ಬೇಯಿಸಬೇಡ.

ಹುಳು ಎರಡನೇ ಜ್ವರ ಎದ್ದಿವೆ. ಮಳೆ ಬಿದ್ದು ಸೊಪ್ಪು ಒದ್ದೆ. ಒಂದೊಂದೇ ರೆಂಬೆ ಒದರಿ, ಆರಿಸಿ ಹಾಕ್ತಿದ್ದೀನಿ.

ಇಂತಿ, ಇನ್ನೂ ನಿನ್ನ ಯಜಮಾನ ಅಂದ್ಕೊಂಡಿರೋ
ಕದಿರೇಶ್

*

ಮುಳಬಾಗಿಲು
29 ಜುಲೈ 2024

ಪ್ರೀತಿಯ ಇವರಿಗೆ,

ಮೊನ್ನೆ ಶನಿವಾರ ಕೋಲಾರದ ಡಾಕ್ಟರಮ್ಮನ ಹತ್ರ ಆದದ್ದನ್ನ ಮತ್ತೆ ಎತ್ತಲ್ಲ. ಎತ್ತಲ್ಲ ಅಂದಮೇಲೂ ಒಂದು ಸಲ ಎತ್ತಿಬಿಡ್ತೀನಿ, ಆಮೇಲೆ ಇಲ್ಲ. ಲ್ಯಾಬಿಗೆ ಹೋಗೋ ಮುಂಚೆ ಎರಡು ದಿನ ನೀವು ಬರೀ ಸೌತೆಕಾಯಿ ತಿಂದು, ಮಜ್ಜಿಗೆ ಕುಡ್ಕೊಂಡು ಇದ್ರಿ. ಖಾಲಿ ಹೊಟ್ಟೆಯ ರಕ್ತ ಪಾಪ, ಆ ಬೆಳಗಿನ ಮಾತಷ್ಟೇ ಹೇಳುತ್ತೆ. ಆಯಮ್ಮ ಮೂರು ತಿಂಗಳ ಸರಾಸರಿ ತೋರಿಸೋ ಇನ್ನೊಂದು ಟೆಸ್ಟು ಬರೆದರು. ಏಳರ ಒಳಗೆ ಇರಬೇಕಾದ್ದು ಒಂಬತ್ತೂವರೆ ಬಂತು. ನೀವು ಆಗ ‘ಮೇಡಂ, ಪರೀಕ್ಷೆ ಹಿಂದಿನ ದಿನ ಓದೋದು ನಮ್ಮ ಬಿ.ಎ. ಕಾಲದ ಅಭ್ಯಾಸ’ ಅಂದ್ರಿ. ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ನಾನು ಕೂಗಾಡಿದೆ. ನೀವು ತಟ್ಟೆ ಮುಂದಿಂದ ಎದ್ದು ಹುಳುಮನೆಗೆ ಹೋದ್ರಿ.

ಬಸ್ಸಲ್ಲಿ ಕೂತಾಗ, ಮದುವೆಯಾದ ವರ್ಷ ನೆನಪಾಯ್ತು. ನಾನು ಹೊಸ ಸೊಸೆ, ನಮ್ಮ ಕಡೆ ಹುಳು ಸಾಕಿದ್ದವರಿಲ್ಲ. ಒಂದು ಮಧ್ಯಾಹ್ನ ಹುಳುಮನೆಗೆ ಬಂದು ನೋಡ್ತೀನಿ, ತಟ್ಟೆ ತುಂಬ ಹುಳು ತಲೆ ಎತ್ಕೊಂಡು ಅಲ್ಲಾಡದೆ ಕೂತಿವೆ, ತಿನ್ನೋಕೆ ಒಂದು ಎಲೆ ಇಲ್ಲ. ಅಯ್ಯೋ, ಹಸ್ಕೊಂಡಿವೆ ಅಂತ ನನಗೆ ಕರುಳು ಚುರ್ ಅಂತು. ಎಳೇ ಸೊಪ್ಪು ತಂದು ಎಲ್ಲಾ ತಟ್ಟೆಗೂ ಹೊದಿಸಿಬಿಟ್ಟೆ. ಅವು ಪೊರೆ ಬಿಡ್ತಿದ್ವು. ನೀವೆಲ್ಲ ಅದಕ್ಕೆ ಜ್ವರ ಅಂತೀರಿ ಅನ್ನೋದೂ ನನಗೆ ಗೊತ್ತಿರಲಿಲ್ಲ. ಮೊದಲು ಎದ್ದವು ತಿಂದು ದಪ್ಪಗಾದ್ವು, ಏಳದೇ ಇದ್ದವು ಸೊಪ್ಪಿನ ಕೆಳಗೆ ಒದ್ದೆಯಲ್ಲಿ ಉಳಿದ್ವು. ಆ ಬೆಳೆ ಒಂದೇ ಸಮ ಹಣ್ಣಾಗಿ ಗೂಡು ಕಟ್ಟಲೇ ಇಲ್ಲ.

ನಿಮ್ಮಮ್ಮ ಬೈದರು. ನೀವು ಬೈಲಿಲ್ಲ. ತಟ್ಟೆ ಹತ್ರ ನನ್ನ ಕೂರಿಸಿ ಹೇಳಿದ್ರಿ: ‘ಜ್ವರ ಏಳೋವರೆಗೂ ಸೊಪ್ಪು ಹಾಕಬೇಡ. ಒಳಗೆ ಅದಕ್ಕೆ ಬೇರೆ ಕೆಲಸ ಇರುತ್ತೆ. ಸೊಪ್ಪು ಕೊಯ್ದು ರೆಡಿ ಇಟ್ಕೊಂಡು ಪಕ್ಕದಲ್ಲಿ ಕೂತಿರು, ಎದ್ದಾಗ ಹಾಕು.’

ಒಂದು ವರ್ಷದಿಂದ ನಾನು ನಿಮ್ಮ ಮೇಲೆ ಬುಟ್ಟಿಗಟ್ಟಲೆ ಸೊಪ್ಪು ಸುರೀತಿದ್ದೀನಿ ಅನ್ನಿಸ್ತು. ಇನ್ನು ಹಾಕಲ್ಲ. ಒಂದೇ ಮಾತು ಹೇಳ್ತೀನಿ, ಅದು ಬುದ್ಧಿಮಾತಲ್ಲ: ನನಗೆ ಭಯ ಆಗುತ್ತೆ. ಮತ್ತೆ ಒಂದೇ ಪ್ರಶ್ನೆ, ಅದಕ್ಕೆ ಅಂಕ ಇಲ್ಲ: ಚೆನ್ನಾಗಿ ನಡೀತಿದ್ದೋರು ಯಾಕೆ ನಿಲ್ಲಿಸಿದ್ರಿ?

ಹೇಳಬೇಕು ಅನ್ನಿಸಿದಾಗ ಹೇಳಿ.

ನಿಮ್ಮ
ಗಂಗಾ

*

ಮುಳಬಾಗಿಲು
20 ಆಗಸ್ಟ್ 2024

ಪ್ರೀತಿಯ ಇವರಿಗೆ,

ನಿಮ್ಮಿಂದ ಕಾಗದ ಇಲ್ಲ. ಊರಿಗೆ ಬಂದಾಗ ನೀವೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಾಲಿಗೆ ಕಚ್ಚಿ ಕಚ್ಚಿ ನೋವಾಗಿದೆ, ಅದಕ್ಕೆ ಯಾವ ಮಾತ್ರೆಯೋ ಗೊತ್ತಿಲ್ಲ.

ಇಲ್ಲಿ ನಾನು ಬೆಳಗ್ಗೆ ಕೆರೆ ಕಡೆ ನಡೆಯೋಕೆ ಶುರು ಮಾಡಿದ್ದೀನಿ. ನಿಮಗೆ ಮಾದರಿಯಾಗಲಿ ಅಂತ ಅಲ್ಲ, ನನ್ನ ಮಂಡಿಗೆ. ಗಂಗರತ್ನಮ್ಮನವರೂ ಬರ್ತಾರೆ. ಆಯಮ್ಮನಿಗೆ ಕನ್ನಡ ತೆಲುಗು ಎರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತೆ. ನಿನ್ನೆ ಎದುರಿಗೆ ಓಡಿಬರ್ತಿದ್ದ ಹುಡುಗನನ್ನ ನೋಡಿ, ‘ಏಮಿ ಟೀಚರಮ್ಮ, ಈ ಅಬ್ಬಾಯಿ ಹಿಂದೆ ನಾಯಿನೂ ಇಲ್ಲ, ಪೊಲೀಸೂ ಇಲ್ಲ, ಮತ್ತ್ಯಾಕೆ ಓಡ್ತಾನೆ?’ ಅಂದರು. ನಿಮಗೆ ಹೇಳಬೇಕು ಅನ್ನಿಸ್ತು. ಅಷ್ಟೇ.

ಹುಣಸೆಮರದ ಹತ್ರ ಒಬ್ಬ ಮುದುಕಪ್ಪ ದಿನಾ ಬಂದು ಟವೆಲ್ ಹಾಸಿ ಕೂತ್ಕೋತಾನೆ. ದೂರದಿಂದ ನೋಡಿದ್ರೆ ನಿಮ್ಮ ಗೆಳೆಯ ದೊಡ್ಡವೆಂಕಟಪ್ಪನವರ ಹಾಗೇ.

ನಿಮ್ಮ
ಗಂಗಾ

*

ಸುಗಟೂರು
3 ಸೆಪ್ಟೆಂಬರ್ 2024

ಗಂಗಾ,

ಬೀನ್ಸು ಕಳಿಸಿದ್ದೀನಿ. ಈ ಸಲದ ಬೀನ್ಸು ನನ್ನ ಹಾಗೇ, ನಾರು ಜಾಸ್ತಿ. ಹುಳು ಗೂಡು ಕಟ್ಟಿದ್ವು, ಕೋಲಾರದಲ್ಲಿ ಒಳ್ಳೇ ರೇಟು ಬಂತು. ದಿಲ್‌ಪಸಂದ್ ತಿಂದೆ. ಸುಳ್ಳು ಹೇಳಲ್ಲ.

ಎರಡು ವಾರ ಪೆನ್ನು ಹಿಡಿದು ಹಿಡಿದು ಕೆಳಗಿಟ್ಟೆ. ಆ ಮುದುಕಪ್ಪನ ಟವೆಲ್ ವಿಷಯ ನೀನು ಬರೀಬಾರದಿತ್ತು. ಬರೆದದ್ದು ಒಳ್ಳೇದೇ ಆಯ್ತು.

ವೆಂಕಟಪ್ಪನ ಜೊತೆ ಇಪ್ಪತ್ತು ವರ್ಷ ಆ ಏರಿ ಮೇಲೆ ನಡೆದೆ. ನಿನಗೆ ಗೊತ್ತಿರೋದೇ. ಗೊತ್ತಿಲ್ಲದ್ದು, ಅಲ್ಲಿ ನಾವು ಏನು ಮಾಡ್ತಿದ್ವಿ ಅನ್ನೋದು. ನಾನು ಹೋಗುವಾಗ ಒಂದು, ಬರುವಾಗ ಒಂದು, ಹೊಸ ಶ್ಲೇಷೆ ಬಿಡಬೇಕು. ಅವನು ಕೆರೆ ಕಡೆ ಉಗಿದು, ‘ಹೋಗಲೋ’ ಅನ್ನೋದನ್ನ ತೆಲುಗಲ್ಲಿ ‘ಛೀ ಪೋರಾ’ ಅನ್ನಬೇಕು. ಅದು ನಮ್ಮ ಒಪ್ಪಂದ. ಅವನ ‘ಛೀ ಪೋರಾ’ ಜೋರಾಗಿದ್ದಷ್ಟೂ ನನ್ನ ಶ್ಲೇಷೆ ಒಳ್ಳೇದು. ಕೊಕ್ಕರೆಗಳು ಏಳೋ ಹಾಗೆ ಅಂದ ದಿನ ನನಗೆ ಹಬ್ಬ. ರಾತ್ರಿ ಹುಳುಮನೆಯಲ್ಲಿ ನಾಳೆಯದನ್ನ ಕಟ್ಟಿ ಇಟ್ಕೋತಿದ್ದೆ.

ಆ ಮನುಷ್ಯ ಬೀಡಿ ಮುಟ್ಟಿದವನಲ್ಲ. ಬೆಳಗ್ಗೆ ರಾಗಿ ಅಂಬಲಿ, ರಾತ್ರಿ ಏಳಕ್ಕೇ ಊಟ, ಡಾಕ್ಟರು ಹೇಳಿದ್ದು ವೇದ. ಹೋದ ವರ್ಷ ಯುಗಾದಿಯಾದ ವಾರ ಕೂತಲ್ಲೇ ಎದೆ ಹಿಡ್ಕೊಂಡು ಹೋಗಿಬಿಟ್ಟ. ಎಲ್ಲಾ ಸರಿಯಾಗಿ ಮಾಡಿದೋನಿಗೇ ಹೀಗೆ. ಮಾರನೇ ದಿನ ಏರಿ ತನಕ ಹೋದೆ, ಹತ್ತಲಿಲ್ಲ. ನಾನು ಏರಿ ಏರಲಿಲ್ಲ, ಸಕ್ಕರೆ ಏರಿತು. ನೋಡು, ಇಲ್ಲೂ ಒಂದು ಬಂತು. ಉಗಿಯೋರಿಲ್ಲ.

ಇನ್ನೊಂದು. ರಾತ್ರಿ ಮಾತ್ರೆ ಬಿಟ್ಟದ್ದು ಸೋಮಾರಿತನಕ್ಕಲ್ಲ. ತಗೊಂಡ್ರೆ ಹೊಟ್ಟೆ ಕಲಕಿ ಎರಡು ಸಲ ಹೊರಗೆ ಓಡಬೇಕು. ಹುಳು ಕೊನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕೋದು ಬಿಟ್ಟು ಓಡೋದು ಹೇಗೆ? ನಾಚಿಕೆಯಾಗಿ ಹೇಳಲಿಲ್ಲ.

ಕದಿರೇಶ್

*

ಮುಳಬಾಗಿಲು
6 ಸೆಪ್ಟೆಂಬರ್ 2024

ಪ್ರೀತಿಯ ಇವರಿಗೆ,

ಕಾಗದ ಎರಡು ಸಲ ಓದಿದೆ. ಒಂದು ವರ್ಷ ಪಕ್ಕದಲ್ಲೇ ಮಲಗಿದ್ದೆ, ಇದು ನನಗೆ ಗೊತ್ತಿರಲಿಲ್ಲ.

ವೆಂಕಟಪ್ಪನವರ ಬಗ್ಗೆ ನನಗೆ ನೆನಪಿರೋದು ಒಂದು ಬರೀತೀನಿ. ನಮ್ಮ ಮನೆ ಜಗಲಿಗೆ ಬಂದು ಟೀ ಕುಡಿಯುವಾಗ ಅವರು ನನಗೆ ಗುಟ್ಟಾಗಿ ಹೇಳ್ತಿದ್ರು: ‘ಮೇಡಂ, ನಿಮ್ಮೆಜಮಾನ್ರು ಇವತ್ತು ಬಿಟ್ಟಿದ್ದು ನನಗೆ ಅರ್ಥ ಆಗಲಿಲ್ಲ. ಸುಮ್ನೆ ಛೀ ಅಂದೆ. ಏನದು, ಬಿಡಿಸಿ ಹೇಳಿ.’ ನಾನು ಬಿಡಿಸಿ ಹೇಳಿದ ಮೇಲೆ ಒಬ್ಬರೇ ಕೂತು ನಗೋರು. ನಿಮಗೆ ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ರು. ಈಗ ಹೇಳಿದ್ರೆ ಬೈಯಲ್ಲ ಅನ್ಕೋತೀನಿ.

ಹೊಟ್ಟೆ ಕಲಕೋ ವಿಷಯ ಡಾಕ್ಟರಮ್ಮನಿಗೆ ನಾನು ಫೋನ್ ಮಾಡಿ ಹೇಳಲಾ, ನೀವೇ ಹೇಳ್ತೀರಾ? ಅದೇ ಮಾತ್ರೆಯಲ್ಲಿ ನಿಧಾನಕ್ಕೆ ಕರಗೋ ಥರದ್ದು ಇದೆಯಂತೆ, ಗಂಗರತ್ನಮ್ಮನವರು ತಗೋತಾರೆ. ನಿಮಗೆ ಅದು ಆಗುತ್ತೋ ಇಲ್ವೋ ಡಾಕ್ಟರಮ್ಮನೇ ಹೇಳಬೇಕು. ಬೇಡ ಅಂದ್ರೆ ಬೇಡ.

ಗಂಗಾ

*

ಸುಗಟೂರು
1 ಅಕ್ಟೋಬರ್ 2024

ಗಂಗಾ,

ಇದನ್ನ ಫೋನಲ್ಲಿ ಹೇಳೋಕೆ ಆಗಲಿಲ್ಲ. ಓದಿ ಹೆದರಬೇಡ, ನಾನು ನಿನಗಿಂತ ಮುಂಚೆ ಹೆದರಿ ಮುಗಿಸಿದ್ದೀನಿ.

ಹಿಪ್ಪುನೇರಳೆ ತೋಟದಲ್ಲಿ ಗಿಡ ಕತ್ತರಿಸಿದ ಮೇಲೆ ಕೂಳೆ ಚೂಪಾಗಿ ನಿಲ್ಲುತ್ತಲ್ಲ, ಅದು ಯಾವತ್ತೋ ಕಾಲಿಗೆ ಚುಚ್ಚಿದೆ. ಯಾವತ್ತು ಅಂತ ನನಗೆ ಗೊತ್ತಿಲ್ಲ. ಹುಳುಮನೆಗೆ ಬರಿಗಾಲಲ್ಲೇ ಹೋಗೋನು, ಹೊರಗಿನ ರೋಗ ಒಳಗೆ ಬರಬಾರದು ಅಂತ. ನೆಲದ ಮೇಲೆ ಕೆಂಪು ಅಚ್ಚು ಕಂಡು, ಇದ್ಯಾರ ಕಾಲು ಅಂತ ಹುಡುಕಿದೆ. ನನ್ನದೇ. ಪಾದದಡಿ ಹೆಬ್ಬೆರಳ ಬುಡದಲ್ಲಿ ಕಡಲೆಬೀಜದಷ್ಟು ತೂತು.

ಆಮೇಲೆ ನಾನು ಮಾಡಿದ್ದು ನೀನು ಪಾಠದಲ್ಲಿ ಹೇಳಿದ್ರೂ ಮಕ್ಕಳು ನಂಬಲ್ಲ. ಹುಳುವಿಗೆ ರೋಗ ಬರದಿರಲಿ ಅಂತ ಉದುರಿಸ್ತೀವಲ್ಲ, ಆ ಸುಣ್ಣದ ಪುಡಿ, ಅದನ್ನೇ ಗಾಯಕ್ಕೆ ಒತ್ತಿದೆ. ಸಾವಿರಾರು ಹುಳು ಬದುಕಿಸಿದ ಪುಡಿ, ಒಂದು ಕಾಲು ಬದುಕಿಸಲ್ವಾ ಅಂದ್ಕೊಂಡು. ಹಲ್ಲು ಕಚ್ಚಿ ಕೂತೆ, ಉರಿಯುತ್ತೆ ಅಂತ.

ಉರೀಲಿಲ್ಲ, ಗಂಗಾ.

ಹಸಿ ಗಾಯಕ್ಕೆ ಸುಣ್ಣ ಹಾಕಿದ್ರೆ ಎಮ್ಮೆ ಕೂಡ ಕಂಬ ಕಿತ್ಕೊಂಡು ಓಡುತ್ತೆ. ನಾನು ಸುಮ್ಮನೆ ಕೂತಿದ್ದೆ, ಕಾಲು ಪಕ್ಕದ ಮನೆಯವರದ್ದು ಅನ್ನೋ ಹಾಗೆ. ರಾತ್ರಿ ಅಂಗಾಲು ಉರಿಯುತ್ತೆ ಅಂತ ನಾನು ಗೊಣಗಿದಾಗ ನೀನು ಡಾಕ್ಟರಿಗೆ ತೋರಿಸಿ ಅಂದಿದ್ದೆ. ಆ ಉರಿಯೂ ಹೋಗಿ ಮೂರು ತಿಂಗಳಾಗಿತ್ತು. ವಾಸಿಯಾಯ್ತು ಅಂದ್ಕೊಂಡಿದ್ದೆ.

ಆಂಜಿ ಅವತ್ತು ರಜೆಯಲ್ಲಿದ್ದ. ಅವನ ಬೈಕಲ್ಲಿ ನಾನೇ ಕೋಲಾರಕ್ಕೆ ಹೋದೆ. ಯಾರೂ ಹೇಳಿಲ್ಲ, ನಾನೇ. ಡಾಕ್ಟರಮ್ಮ ನೈಲಾನ್ ದಾರದಂಥದ್ದು ತಗೊಂಡು, ಕಣ್ಣು ಮುಚ್ಚಿಸಿ, ‘ಮುಟ್ಟಿದಾಗ ಹೇಳಿ’ ಅಂದರು. ಕಾಯ್ತಾ ಇದ್ದೆ. ‘ಶುರು ಮಾಡಿ ಮೇಡಂ’ ಅಂದೆ. ‘ಮುಗೀತು’ ಅಂದರು. ಜೋಕು ಮಾಡೋ ಹಂಗಿರಲಿಲ್ಲ. ಗಾಯ ತೊಳೆದು, ಸತ್ತ ಚರ್ಮ ತೆಗೆದು, ಎಕ್ಸ್‌ರೇ ತೆಗೆಸಿದರು. ಮೂಳೆಗೆ ಹೋಗಿಲ್ಲ. ಸುಣ್ಣದ ವಿಷಯ ಹೇಳಿದ್ದಕ್ಕೆ, ‘ನೀವು ರೇಷ್ಮೆಹುಳು ಅಲ್ಲ ಕದಿರೇಶ್’ ಅಂದರು. ಇನ್ನೊಂದು ವಾರ ತಡವಾಗಿದ್ರೆ ಬೆರಳಿನ ಮಾತು ಬರ್ತಿತ್ತಂತೆ. ಹೊಟ್ಟೆ ಕಲಕೋದನ್ನೂ ನಾನೇ ಹೇಳಿದೆ. ಮಾತ್ರೆ ಬದಲಾಯ್ತು, ರಾತ್ರಿ ಊಟದ ಜೊತೆ ಒಂದು.

ಕಾಲ ಎಲ್ಲಾ ಗಾಯ ಮಾಯಿಸುತ್ತೆ ಅಂತಾರೆ. ಕಾಲ ಮಾಯಿಸುತ್ತೆ, ಕಾಲು ಕೇಳಬೇಕಲ್ಲ.

ನಿನ್ನ
ಕದಿರೇಶ್

*

ಮುಳಬಾಗಿಲು
9 ಅಕ್ಟೋಬರ್ 2024

ಪ್ರೀತಿಯ ಇವರಿಗೆ,

ಮೂರು ದಿನ ರಜೆ ಹಾಕಿ ನಿಮ್ಮ ಹತ್ರ ಇದ್ದು ಬಂದೆ. ಬಂದ ಕೂಡಲೇ ‘ನಾನು ಹೇಳಿರಲಿಲ್ವಾ’ ಅನ್ನೋ ಮಾತು ಗಂಟಲ ತನಕ ಬಂದಿತ್ತು. ನಿಮ್ಮ ಮಂಚದ ಪಕ್ಕ ಮಾತ್ರೆ ಡಬ್ಬಿ, ಅದರ ಪಕ್ಕ ಅಂಗಾಲು ನೋಡ್ಕೊಳ್ಳೋಕೆ ಕನ್ನಡಿ, ಹುಳುಮನೆ ಬಾಗಿಲಲ್ಲಿ ಒಳಗಡೆಗೆ ಮಾತ್ರ ಅಂತ ಹೊಸ ಚಪ್ಪಲಿ, ಇಷ್ಟೂ ನೋಡಿದೆ. ಮಾತು ಇಳಿದುಹೋಯ್ತು. ನೀವು ಜ್ವರ ಎದ್ದಿದ್ರಿ. ಸೊಪ್ಪನ್ನೂ ನೀವೇ ಕೊಯ್ದು ತಂದಿದ್ರಿ.

ಈಗ ನಾನು ಏನು ಮಾಡಲಿ, ಹೇಳಿ. ಏನು ಮಾಡಿದ್ರೆ ನಿಮಗೆ ಆಸರೆ, ಏನು ಮಾಡಿದ್ರೆ ಕಾಟ?

ಗಂಗಾ

*

ಸುಗಟೂರು
15 ಅಕ್ಟೋಬರ್ 2024

ಮೇಡಂ,

ಪ್ರಶ್ನೆಪತ್ರಿಕೆ ತಲುಪಿತು. ಉತ್ತರ ಬರೀತೀನಿ.

ಕಾಟ: ಫೋನ್ ಎತ್ತಿದ ಕೂಡಲೇ ಮಾತ್ರೆ ಲೆಕ್ಕ. ಬೇರೆಯವರ ಮುಂದೆ ನನ್ನ ತಟ್ಟೆ ಕಡೆ ನೋಡೋದು. ಬೇಕರಿಯವನ ಹತ್ರ ಗೂಢಚಾರಿಕೆ.

ಆಸರೆ: ಡಾಕ್ಟರ ಹತ್ರ ಹೋಗುವಾಗ ಜೊತೆಗೆ ಬಾ, ನನಗೆ ಅರ್ಧ ಕೇಳಲ್ಲ, ಇನ್ನರ್ಧ ನಾನು ಜೋಕು ಮಾಡ್ತಾ ಕಳ್ಕೋತೀನಿ. ಊರಿಗೆ ಬಂದಾಗ ನೀನೂ ಮುದ್ದೆ ಜೊತೆ ಸೊಪ್ಪಿನ ಸಾರೇ ಉಣ್ಣು, ನನಗೊಬ್ಬನಿಗೆ ಬೇರೆ ಪಾತ್ರೆ ಬೇಡ. ಕನ್ನಡಿಯಲ್ಲಿ ಹಿಮ್ಮಡಿ ಸರಿಯಾಗಿ ಕಾಣಲ್ಲ, ನೀನಿದ್ದಾಗ ನೋಡು. ಭಯವಾದ್ರೆ ಭಯ ಅಂತಲೇ ಹೇಳು, ಕೋಪ ಮಾಡ್ಕೊಂಡು ಹೇಳಬೇಡ. ಭಯ ನನಗೆ ಅರ್ಥ ಆಗುತ್ತೆ. ಕೋಪಕ್ಕೆ ನನ್ನ ಹತ್ರ ಶ್ಲೇಷೆ ಇದೆ.

ಇನ್ನೊಂದು ತಮಾಷೆ ಕೇಳು. ಒಂದೂವರೆ ವರ್ಷ ನಡೀರಿ ನಡೀರಿ ಅಂದ ಡಾಕ್ಟರಮ್ಮ, ನಾನು ನಡೀತೀನಿ ಅಂದಾಗ ಕೂತ್ಕೊಳ್ಳಿ ಅಂದರು. ಗಾಯ ಮಾಯೋವರೆಗೂ ಆ ಪಾದದ ಮೇಲೆ ಭಾರ ಹಾಕಬಾರದು, ಹಾಕಿದ್ರೆ ಮತ್ತೆ ಬಿಚ್ಚುತ್ತೆ. ಮುಂಭಾಗಕ್ಕೆ ಭಾರ ಬೀಳದ ಚಪ್ಪಲಿ ಕೊಟ್ಟಿದ್ದಾರೆ. ಕುರ್ಚಿಯಲ್ಲಿ ಕೂತು ವ್ಯಾಯಾಮಕ್ಕೆ ಅಂತ ಕೈ ಆಡಿಸ್ತೀನಿ, ದಾರೀಲಿ ಹೋಗೋರು ನನಗೇ ನಮಸ್ಕಾರ ಅಂದ್ಕೊಂಡು ತಿರುಗಿ ಕೈ ಎತ್ತುತಾರೆ.

ಅದಕ್ಕೇ, ಸದ್ಯ ನನ್ನ ಪಾಲಿನ ವಾಕಿಂಗ್ ನೀನೇ ಮಾಡು. ಅಲ್ಲಿ ಏನು ಕಂಡೆ ಅಂತ ಬರಿ. ಎಷ್ಟು ದೂರ ಅಂತ ಬೇಡ.

ನಿನ್ನ
ಕದಿರೇಶ್

*

ಮುಳಬಾಗಿಲು
10 ಡಿಸೆಂಬರ್ 2024

ಪ್ರೀತಿಯ ಇವರಿಗೆ,

ಇಷ್ಟು ದಿನ ನಾನು ಕಂಡದ್ದು ಬರೀತಿದ್ದೆ. ಮೊನ್ನೆ ಭಾನುವಾರದ್ದು ನೀವೂ ಕಂಡಿದ್ದೀರಿ, ಆದ್ರೂ ಬರೀತೀನಿ.

ಶನಿವಾರ ಡಾಕ್ಟರಮ್ಮ ಗಾಯ ಪೂರ್ತಿ ಮುಚ್ಚಿದೆ, ನಿಧಾನಕ್ಕೆ ಶುರು ಮಾಡಿ ಅಂದರು. ಮೂರು ತಿಂಗಳ ಸರಾಸರಿ ಏಳು ಮುಕ್ಕಾಲು. ಪಾಸಲ್ಲ, ಆದ್ರೆ ಕಾಪಿ ಹೊಡೆದದ್ದೂ ಅಲ್ಲ. ಪಾದದ ಸ್ಪರ್ಶ ವಾಪಸ್ ಬರುತ್ತೆ ಅಂತ ಅವರು ಹೇಳಲಿಲ್ಲ. ನೀವು ಕೇಳಲಿಲ್ಲ. ಹೊರಗೆ ಬಂದು ಬೇಕರಿ ಮುಂದೆ ನಿಂತ್ರಿ. ನಾನು ಬಸ್ಸಿನ ಬೋರ್ಡು ಓದ್ತಾ ನಿಂತೆ. ಸಕ್ಕರೆ ಇಲ್ಲದ ಎರಡು ಟೀ ತಂದ್ರಿ.

ಭಾನುವಾರ ಬೆಳಗ್ಗೆ ನೀವು ಮೊದಲು ಬೂಟೊಳಗೆ ಕೈ ಹಾಕಿ ಕಲ್ಲು ಪಲ್ಲು ಇದೆಯಾ ನೋಡಿದ್ರಿ, ಸಾಕ್ಸ್ ಹಾಕಿದ್ರಿ, ಬೂಟು ಹಾಕಿದ್ರಿ. ಹುಳುವಿಗೆ ಸೊಪ್ಪು ಆರಿಸೋ ಅದೇ ಕೈ. ಏರಿ ಬುಡದಲ್ಲಿ ನಿಂತ್ರಿ. ನಾನು ಬನ್ನಿ ಅನ್ನಲಿಲ್ಲ. ನೀರಿನ ಮೇಲೆ ಮಂಜಿತ್ತು. ಆಮೇಲೆ ಹತ್ತಿದ್ರಿ.

ವೆಂಕಟಪ್ಪನವರು ಟವೆಲ್ ಹಾಸ್ತಿದ್ದ ಕಲ್ಲಿನ ತನಕ ನಡೆದ್ವಿ. ಅಲ್ಲಿ ನೀವು ಗಂಟಲು ಸರಿಮಾಡ್ಕೊಂಡು ಹೇಳಿದ್ರಿ: ‘ಗಂಗಾ, ಇಷ್ಟು ದಿನ ನನ್ನ ನಡೆ ಸರಿ ಇರಲಿಲ್ಲ, ಅದಕ್ಕೇ ನುಡಿ ಜಾಸ್ತಿಯಾಗಿತ್ತು. ಇನ್ನು ನುಡಿದಂತೆ ನಡೀತೀನಿ, ನಡೀತಾ ನುಡೀತೀನಿ.’

ಹೇಳಿ ನನ್ನ ಕಡೆ ನೋಡಿದ್ರಿ. ಯಾರಿಗಾಗಿ ಕಾಯ್ತಿದ್ದೀರಿ ಅಂತ ಗೊತ್ತಾಯ್ತು. ಮೂವತ್ತಮೂರು ವರ್ಷ ನಿಮ್ಮನ್ನ ಬಹುವಚನ ಬಿಟ್ಟು ಕರೆದವಳಲ್ಲ. ನಿಮ್ಮಮ್ಮ ಇದ್ದಿದ್ರೆ ಎದೆ ಒಡ್ಕೊಳ್ಳೋರು. ಹಿಂದೆ ಮುಂದೆ ನೋಡಿದೆ, ಯಾರೂ ಇರಲಿಲ್ಲ. ಕೆರೆ ಕಡೆ ತಿರುಗಿ ‘ಛೀ ಪೋರಾ’ ಅಂದುಬಿಟ್ಟೆ.

ನೀವು ಆ ಕಲ್ಲಿನ ಮೇಲೆ ಕೂತ್ರಿ. ನಕ್ರಿ ಅಂದ್ಕೊಂಡೆ. ಟವೆಲಲ್ಲಿ ಮುಖ ಒರೆಸ್ಕೊಂಡಾಗ ನಕ್ಕಿದ್ದಷ್ಟೇ ಅಲ್ಲ ಅಂತ ಕಾಣಿಸ್ತು. ನಾನು ನೀರು ನೋಡ್ತಾ ಪಕ್ಕದಲ್ಲಿ ಕೂತೆ.

ನಿಮ್ಮ
ಗಂಗಾ

*

ಸುಗಟೂರು
13 ಡಿಸೆಂಬರ್ 2024

ಗಂಗಾ,

ನಿನ್ನ ‘ಛೀ ಪೋರಾ’ದಲ್ಲಿ ದಮ್ಮಿಲ್ಲ. ಒಂದು ಕೊಕ್ಕರೆಯೂ ಏಳಲಿಲ್ಲ. ಉಚ್ಚಾರಣೆ ಗಂಗರತ್ನಮ್ಮನವರ ಹತ್ರ ಕಲಿ. ದಿನಾ ಅಭ್ಯಾಸ ಬೇಕು, ಎರಡು ವಾರಕ್ಕೊಂದು ಸಲ ಸಾಲದು.

ನಿನ್ನೆ ಒಬ್ಬನೇ ಹೋಗಿದ್ದೆ. ಹೋಗುವಾಗ ಒಂದು ಹೊಳೀತು, ಬರುವಾಗ ಒಂದು. ಯಾರಿಗೂ ಹೇಳಿಲ್ಲ, ಇಟ್ಕೊಂಡಿದ್ದೀನಿ. ಭಾನುವಾರ ಬಾ.

ನಿನ್ನ
ಕದಿರೇಶ್